ಕನೆಕ್ಟೆಡ್ ಲೋಡ್ ಪ್ರಕಾರ ಡೀಸೆಲ್ ಲೆಕ್ಕ: ವಾಕಡ್‌ನ ಒಂದು ಸೊಸೈಟಿಯ ಪ್ರಕರಣ

ಮೇ ತಿಂಗಳ ಲೆಕ್ಕ ಮುಗಿಸಿ ನಮ್ಮ ಸೊಸೈಟಿಯ ಖಜಾಂಚಿಗಳು ಲಿಫ್ಟ್ ಪಕ್ಕದ ಬೋರ್ಡಿಗೆ ಒಂದು ನೋಟಿಸ್ ಹಚ್ಚಿದರು. ಆ ತಿಂಗಳು ಜನರೇಟರ್ ಡೀಸೆಲ್‌ಗೆ ₹21,840 ಖರ್ಚಾಗಿತ್ತು. ಅಲ್ಲಿಯವರೆಗೆ ಈ ಖರ್ಚನ್ನು 40 ಫ್ಲ್ಯಾಟ್‌ಗಳಿಗೂ ಸಮನಾಗಿ ಹಂಚುತ್ತಿದ್ದರು, ಅಂದರೆ ಈ ಸಲ ತಲಾ ₹546 ಆಗಬೇಕಿತ್ತು. ನೋಟಿಸ್ ಅದನ್ನು ಬದಲಾಯಿಸಿತು. ಇನ್ನು ಮುಂದೆ ಪ್ರತಿ ಫ್ಲ್ಯಾಟಿನ ಕನೆಕ್ಟೆಡ್ ಲೋಡ್ ಎಷ್ಟೋ ಅಷ್ಟಕ್ಕೆ ತಕ್ಕಂತೆ ಡೀಸೆಲ್ ಹಣ. ಒಟ್ಟು ಲೋಡ್ 182 ಕಿಲೋವ್ಯಾಟ್, ಹಾಗಾಗಿ ಕಿಲೋವ್ಯಾಟಿಗೆ ₹120. ಕೆಳಗೆ ಫ್ಲ್ಯಾಟ್ ನಂಬರ್, ಲೋಡ್, ಮೊತ್ತ ಎಂದು ಮೂರು ಸಾಲು.

ಕೂಡಿಸಿ ಭಾಗಿಸಿದ್ದರಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಖಜಾಂಚಿಗಳು ವಿಜಯಪುರದ ಕಡೆಯವರು, ಬ್ಯಾಂಕಿನಲ್ಲಿ ಇದ್ದು ನಿವೃತ್ತರಾದವರು. ಕಟ್ಟಡದ ಕನ್ನಡದವರೆಲ್ಲ ಅವರನ್ನು ಕಾಕಾ ಅನ್ನುತ್ತೇವೆ, ಮರಾಠಿಯವರೂ ಕಾಕಾ ಅನ್ನುತ್ತಾರೆ. ಅವರ ಕೂಡಿಸುವ ಕಳೆಯುವ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಮ್ನೆ ಹೊತ್ತು ಹಾಳು. ತೊಂದರೆ ಇದ್ದದ್ದು 182 ಎನ್ನುವ ಆ ಅಂಕಿಯಲ್ಲಿ. ಅದು ಜನರೇಟರಿಗೆ ಸಂಬಂಧವೇ ಇಲ್ಲದ ಅಂಕಿ.

ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಪುಣೆಯ ವಾಕಡ್‌ನಲ್ಲಿ ಹತ್ತು ಮಹಡಿ. ಎರಡು ಬೆಡ್‌ರೂಮಿನ ಫ್ಲ್ಯಾಟ್ 24, ಮೂರು ಬೆಡ್‌ರೂಮಿನವು 16. ಎರಡು ಲಿಫ್ಟ್. ಪಾರ್ಕಿಂಗ್ ಮೂಲೆಯಲ್ಲಿ 62.5 ಕೆವಿಎ ಜನರೇಟರ್, ಅಂದರೆ ಸುಮಾರು 50 ಕಿಲೋವ್ಯಾಟ್ ಕೊಡಬಲ್ಲದ್ದು. ಪುಣೆಯಲ್ಲಿ ಗುರುವಾರ ದುರಸ್ತಿ ಕೆಲಸಕ್ಕೆ ಕರೆಂಟ್ ತೆಗೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಮೇ ತಿಂಗಳಲ್ಲಿ ಅದರ ಜೊತೆ ಮಳೆಗಾಲಕ್ಕೆ ಮುಂಚಿನ ಗಾಳಿ, ಗುಡುಗು, ಮುರಿದು ಬಿದ್ದ ಕೊಂಬೆಗಳು. ಹಾಗಾಗಿ ಜನರೇಟರ್ ಆ ತಿಂಗಳು 32 ಗಂಟೆ ಓಡಿತ್ತು.

ನೋಟಿಸ್ ಬಂದ ಮರುದಿನ ಅದರಲ್ಲಿ ಯಾರಿಗೆ ಎಷ್ಟು ಬಿದ್ದಿದೆ ಎಂದು ಎಲ್ಲರೂ ನಿಂತು ಓದಿದರು. 3 ಕಿಲೋವ್ಯಾಟಿನ 14 ಫ್ಲ್ಯಾಟ್‌ಗಳಿಗೆ ತಲಾ ₹360. 4 ಕಿಲೋವ್ಯಾಟಿನ 10 ಫ್ಲ್ಯಾಟ್‌ಗಳಿಗೆ ₹480. 5 ಕಿಲೋವ್ಯಾಟಿನ 10ಕ್ಕೆ ₹600. 8 ಕಿಲೋವ್ಯಾಟಿನ ಐದು ಮನೆಗಳಿಗೆ ₹960. ಎಂಟನೇ ಮಹಡಿಯ ಒಂದು ಮನೆಗೆ 10 ಕಿಲೋವ್ಯಾಟ್, ₹1,200. ಆ ಮನೆಯವರು ಹುಬ್ಬಳ್ಳಿಯವರು. ಸೀದಾ ಕಾಕಾ ಮನೆಗೆ ಹೋಗಿ ಕೇಳಿದರು: “ಕಾಕಾ, ಕರೆಂಟ್ ಹೋದಾಗ ನಮ್ಮ ಮನ್ಯಾಗೂ ನಿಮ್ಮ ಮನ್ಯಾಗೂ ಅದೇ ಫ್ಯಾನು, ಅದೇ ಲೈಟು. ನಮಗ್ಯಾಕ್ರಿ ಸಾವಿರದ ಇನ್ನೂರು?”

ಕಾಕಾ ಹೇಳಿದ್ದೂ ಅರ್ಥವಿಲ್ಲದ ಮಾತಲ್ಲ. “ಎ.ಸಿ. ನಾಕ್ ನಾಕ್ ಹಾಕಿಸಿದವರು, ಎರಡು ಫ್ಯಾನಿನವರು ಒಂದೇ ಹಣ ಕೊಡೋದು ಸರೀನಾ?” ಅಂದರು. ಈ ಪ್ರಶ್ನೆ ಪ್ರತಿ ಸೊಸೈಟಿಯಲ್ಲೂ ಏಳುತ್ತದೆ, ನ್ಯಾಯದ ಪ್ರಶ್ನೆಯೇ. ನಾನು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡಿಕೊಳ್ಳುವವನು. ಕಮಿಟಿಯವರು ಈ ತಂಟೆಯನ್ನು ನನಗೆ ಒಪ್ಪಿಸಿ, ನೋಡಿ ಹೇಳು ಎಂದರು.

ಮೊದಲು ನೋಡಿದ್ದು ಆ ಲೋಡ್ ಅಂಕಿಗಳು ಎಲ್ಲಿಂದ ಬಂದವು ಎಂದು. ಕಾಕಾ ಪ್ರತಿ ಮನೆಯ ಕರೆಂಟ್ ಬಿಲ್ ತರಿಸಿ, ಅದರಲ್ಲಿ ‘ಮಂಜೂರ್ ಭಾರ’ ಎಂದು ಅಚ್ಚಾಗಿರುವ ಕಿಲೋವ್ಯಾಟ್ ಬರೆದುಕೊಂಡಿದ್ದರು. ಇದು ಕನೆಕ್ಟೆಡ್ ಲೋಡ್ ಅಲ್ಲ, ವಿದ್ಯುತ್ ಕಂಪನಿ ಮಂಜೂರು ಮಾಡಿದ ಲೋಡ್. ಕನೆಕ್ಟೆಡ್ ಲೋಡ್ ಅಂದರೆ ಮನೆಯಲ್ಲಿ ತಂತಿಗೆ ಸಿಕ್ಕಿಸಿರುವ ಎಲ್ಲ ಉಪಕರಣಗಳ ವ್ಯಾಟ್ ಕೂಡಿಸಿದ ಮೊತ್ತ. ಅದನ್ನು ಮನೆಮನೆಗೆ ಹೋಗಿ ಯಾರೂ ಎಣಿಸಿರಲಿಲ್ಲ. ಬಿಲ್ಡರ್ ಕಟ್ಟುವಾಗ ಚಿಕ್ಕ ಫ್ಲ್ಯಾಟಿಗೆ 3, ದೊಡ್ಡದಕ್ಕೆ 5 ಎಂದು ಅರ್ಜಿ ಹಾಕಿದ್ದರು. ಆಮೇಲೆ ಎ.ಸಿ. ಹಾಕಿಸುವಾಗ ಕೆಲವರು ನಿಯಮ ಪಾಲಿಸಿ ಲೋಡ್ ಹೆಚ್ಚಿಸಿಕೊಂಡರು. ಬಹಳ ಜನ ಎ.ಸಿ. ಹಾಕಿಸಿ ಸುಮ್ಮನಿದ್ದರು. 10 ಕಿಲೋವ್ಯಾಟಿನ ಮನೆಯವರು ಎಲೆಕ್ಟ್ರಿಕ್ ಕಾರು ತಗೊಂಡು ಚಾರ್ಜರಿಗಾಗಿ ಲೋಡ್ ಏರಿಸಿಕೊಂಡಿದ್ದರು. ಒಟ್ಟಿನಲ್ಲಿ ಅರ್ಜಿ ಹಾಕಿ, ದುಡ್ಡು ಕಟ್ಟಿ ಲೋಡ್ ಏರಿಸಿಕೊಂಡವರಿಗೆ ಡೀಸೆಲ್ ಬಿಲ್ ಜಾಸ್ತಿ ಬಿದ್ದಿತ್ತು. ಅಷ್ಟೇ ದೊಡ್ಡ ಮನೆಯಲ್ಲಿ ಸುಮ್ಮನಿದ್ದವರಿಗೆ ಕಡಿಮೆ.

ಸರಿ, ಬಿಲ್ಲಿನ ಅಂಕಿಯ ಬದಲು ಮನೆಮನೆ ಎಣಿಸಿ ನಿಜವಾದ ಕನೆಕ್ಟೆಡ್ ಲೋಡ್ ಹಾಕಿದ್ದರೆ? ಅದೂ ಕೆಲಸಕ್ಕೆ ಬರುವುದಿಲ್ಲ. ನನ್ನ ವರದಿಯಲ್ಲಿ ಮುಖ್ಯವಾದದ್ದು ಇದೇ.

ನಮ್ಮ ಕಟ್ಟಡದಲ್ಲಿ ಪ್ರತಿ ಫ್ಲ್ಯಾಟಿಗೂ ಒಂದು ಎಸಿಸಿಎಲ್ ಇದೆ. ಪ್ರತಿ ಮಹಡಿಯ ಶಾಫ್ಟಿನಲ್ಲಿ, ಅಂಗೈ ಅಗಲದ ಬಿಳಿ ಡಬ್ಬಿ. ಕರೆಂಟ್ ಇದ್ದಾಗ ಅದು ಮನೆಗೆ ಪೂರ್ತಿ ಸಪ್ಲೈ ಬಿಡುತ್ತದೆ. ಕರೆಂಟ್ ಹೋಗಿ ಜನರೇಟರ್ ಶುರುವಾದರೆ ಮನೆಯನ್ನು ತಾನಾಗಿಯೇ ಆ ಕಡೆಗೆ ತಿರುಗಿಸಿ, ಒಂದು ಮಿತಿ ಹಾಕುತ್ತದೆ. ನಮ್ಮಲ್ಲಿ ಎರಡು ಬೆಡ್‌ರೂಮಿಗೆ 750 ವ್ಯಾಟ್, ಮೂರು ಬೆಡ್‌ರೂಮಿಗೆ 1,000 ವ್ಯಾಟ್. 230 ವೋಲ್ಟಿನಲ್ಲಿ ಇದು ಸುಮಾರು 3.3 ಮತ್ತು 4.3 ಆಂಪಿಯರ್. ಅದಕ್ಕಿಂತ ಜಾಸ್ತಿ ಎಳೆದರೆ ‘ಟಕ್’ ಎಂದು ಕಡಿದು ಮನೆ ಕತ್ತಲಾಗುತ್ತದೆ. ಕೆಲವು ಸೆಕೆಂಡ್ ಬಿಟ್ಟು ಮತ್ತೆ ಕೊಡುತ್ತದೆ, ಇನ್ನೂ ಜಾಸ್ತಿ ಇದ್ದರೆ ಮತ್ತೆ ಕಡಿಯುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಜನರೇಟರ್ ಮೇಲೆ ಗೀಸರ್ ಹಾಕಿ, ಇದ್ಯಾಕೆ ಹಿಂಗೆ ಮಿಣಮಿಣ ಅಂತಿದೆ ಎಂದು ವಾಚ್‌ಮನ್‌ಗೆ ಫೋನ್ ಮಾಡುವುದು ಇದಕ್ಕೇ.

ಅಂದರೆ ಎಂಟನೇ ಮಹಡಿಯವರ 10 ಕಿಲೋವ್ಯಾಟ್ ಜನರೇಟರ್ ಮೇಲೆ ಬರುವುದೇ ಇಲ್ಲ. ಅವರ ಮನೆಗೆ ಡೀಸೆಲ್ ಕರೆಂಟ್ ಸಿಗುವುದು ಹೆಚ್ಚೆಂದರೆ 1 ಕಿಲೋವ್ಯಾಟ್. ಕಾರ್ ಚಾರ್ಜರ್ ಅಂತೂ ಆ ಲೈನಿನಲ್ಲಿ ಇಲ್ಲವೇ ಇಲ್ಲ. ಮನೆಯಲ್ಲಿ ದೊಡ್ಡ ಹಂಡೆ ಇದೆ ಅಂತ ನೀರಿನ ಬಿಲ್ ಜಾಸ್ತಿ ಹಾಕುವುದಿಲ್ಲ ಅಲ್ವಾ, ನಲ್ಲಿಯಲ್ಲಿ ಬಂದದ್ದಷ್ಟೇ ಲೆಕ್ಕ. ಹೀಗಾಗಿ 40 ಫ್ಲ್ಯಾಟ್‌ಗಳ ಜನರೇಟರ್ ಲೋಡ್ ಕೂಡಿಸಿದರೆ 182 ಬರುವುದಿಲ್ಲ. 24 ಫ್ಲ್ಯಾಟಿಗೆ 0.75ರಂತೆ 18, 16 ಫ್ಲ್ಯಾಟಿಗೆ 1ರಂತೆ 16, ಒಟ್ಟು 34 ಕಿಲೋವ್ಯಾಟ್. 50 ಕಿಲೋವ್ಯಾಟಿನ ಸೆಟ್ಟು 182 ಕಿಲೋವ್ಯಾಟನ್ನು ಹೊರುತ್ತಿದೆ ಎಂದು ನೋಟಿಸ್ ಹೇಳಿದಾಗಲೇ ಅನುಮಾನ ಬರಬೇಕಿತ್ತು.

ಎರಡನೇ ವಿಷಯ, ಡೀಸೆಲ್ ಸುಡುವುದು ಫ್ಲ್ಯಾಟ್‌ಗಳಿಗಾಗಿ ಮಾತ್ರ ಅಲ್ಲ. ಲಿಫ್ಟ್, ನೀರಿನ ಪಂಪು, ಕೊಳಚೆ ನೀರು ಶುದ್ಧಿ ಮಾಡುವ ಎಸ್‌ಟಿಪಿಯ ಬ್ಲೋವರ್, ಮೆಟ್ಟಿಲು ಮತ್ತು ಪಾರ್ಕಿಂಗಿನ ಲೈಟು, ಗೇಟಿನ ಕ್ಯಾಮೆರಾ, ಇವೆಲ್ಲ ಅದರ ಮೇಲೆಯೇ. ಇದರ ಪಾಲೆಷ್ಟು ಎಂದು ನೋಟಿಸಿನಲ್ಲಿ ಇರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಕಂಪನಿಯ ಮೀಟರ್‌ಗಳಿಂದ ಇದು ತಿಳಿಯುವುದಿಲ್ಲ. ಅವು ಜನರೇಟರಿಗೆ ತಿರುಗಿಸುವ ಚೇಂಜ್‌ಓವರಿಗಿಂತ ಮೊದಲೇ ಕೂತಿರುತ್ತವೆ, ಜನರೇಟರ್ ಓಡುವಾಗ ಸ್ತಬ್ಧ.

ಅದೃಷ್ಟಕ್ಕೆ ಜನರೇಟರಿನ ಡಿಜಿ ಪ್ಯಾನೆಲ್ಲಿನಲ್ಲಿ ಒಂದು ಯೂನಿಟ್ ಮೀಟರ್ ಇತ್ತು, ಕಾಮನ್ ಪ್ಯಾನೆಲ್ಲಿನ ಬಾಗಿಲಲ್ಲಿ ಬಿಲ್ಡರ್ ಕೂರಿಸಿದ್ದ ಇನ್ನೊಂದು ಇತ್ತು. ಜೂನ್ ತಿಂಗಳ ಎರಡು ಗುರುವಾರ ವಾಚ್‌ಮನ್ ಎರಡನ್ನೂ ಬರೆದಿಟ್ಟರು, ಜನರೇಟರ್ ಶುರುವಾದಾಗ ಒಮ್ಮೆ, ನಿಂತಾಗ ಒಮ್ಮೆ. ಮೊದಲ ಸಲ 5 ಗಂಟೆ ಓಡಿತು: ಒಟ್ಟು 110 ಯೂನಿಟ್, ಅದರಲ್ಲಿ ಕಾಮನ್ 60. ಎರಡನೇ ಸಲ 4 ಗಂಟೆ: ಒಟ್ಟು 88, ಕಾಮನ್ 50. ಎರಡೂ ಸೇರಿ 198ರಲ್ಲಿ 110. ಒಂಬತ್ತು ಪಾಲು ಮಾಡಿದರೆ ಐದು ಪಾಲು ಕಾಮನ್, ನಾಲ್ಕು ಪಾಲು ಮನೆಗಳದು. ಮನೆಗಳು ಒಟ್ಟಾಗಿ ಎಳೆದದ್ದು ಸರಾಸರಿ 10 ಕಿಲೋವ್ಯಾಟಿಗೂ ಸ್ವಲ್ಪ ಕಡಿಮೆ. ಅಂದರೆ ಮನೆಗೆ 250 ವ್ಯಾಟ್ ಆಸುಪಾಸು: ಫ್ರಿಜ್ಜು, ಎರಡು ಮೂರು ಫ್ಯಾನು, ಟಿ.ವಿ., ವೈಫೈ. 750 ವ್ಯಾಟಿನ ಮಿತಿಯವರೂ 1,000ದವರೂ ಮಿತಿ ಮುಟ್ಟುವುದು ಅಪರೂಪ.

ಇದೇ ನೆಪದಲ್ಲಿ ಡೀಸೆಲ್ ಲೆಕ್ಕವನ್ನೂ ನೋಡಿದೆ, ಯಾಕೆಂದರೆ ಹಂಚಿಕೆ ಎಷ್ಟೇ ಸರಿ ಇದ್ದರೂ ಹಂಚುವ ಮೊತ್ತವೇ ತಪ್ಪಿದ್ದರೆ ಏನು ಬಂತು. ಮೇ ತಿಂಗಳಲ್ಲಿ ಪಂಪಿನ ರಸೀದಿ ಪ್ರಕಾರ 240 ಲೀಟರ್, ಲೀಟರಿಗೆ ₹91. ಪ್ಯಾನೆಲ್ ಮೀಟರಿನಲ್ಲಿ ಆ ತಿಂಗಳು 720 ಯೂನಿಟ್. ಅಂದರೆ ಲೀಟರಿಗೆ 3 ಯೂನಿಟ್, ಗಂಟೆಗೆ 7.5 ಲೀಟರ್, ಯೂನಿಟ್ಟಿಗೆ ಸುಮಾರು ₹30. ಅರ್ಧಕ್ಕಿಂತ ಕಡಿಮೆ ಲೋಡಿನಲ್ಲಿ ಓಡುವ ಇಷ್ಟು ದೊಡ್ಡ ಸೆಟ್ಟಿಗೆ ಇದು ಸರಿಯಾದ ಅಂಕಿ. ಪೂರ್ತಿ ಲೋಡಿನ ಹತ್ತಿರ ಓಡಿದರೆ ಲೀಟರಿಗೆ ಇನ್ನೂ ಅರ್ಧ ಯೂನಿಟ್ ಜಾಸ್ತಿ ಸಿಗುತ್ತದೆ. ಇದೇ ಲೋಡಿಗೆ ಗಂಟೆಗೆ 10 ಲೀಟರ್ ದಾಟಿದರೆ ಇಂಜೆಕ್ಟರ್ ನೋಡಿಸಬೇಕು, ಇಲ್ಲವೇ ಕ್ಯಾನ್ ತುಂಬಿ ಬರುತ್ತಿದೆಯಾ ಎಂದು ನೋಡಬೇಕು. ನಮ್ಮಲ್ಲಿ ಎರಡೂ ಸರಿ ಇದ್ದವು. ಇನ್ನೊಂದು ಮಾತು: ಇಂಥ ಸೆಟ್ಟು ಒಂದು ಬಲ್ಬಿನ ಲೋಡೂ ಇಲ್ಲದೆ ಸುಮ್ನೆ ಓಡಿದರೂ ಗಂಟೆಗೆ ಎರಡು ಮೂರು ಲೀಟರ್ ಕುಡಿಯುತ್ತದೆ. ಆ ಡೀಸೆಲ್ ಯಾರ ಮನೆಗೂ ಸೇರಿದ್ದಲ್ಲ. ಸೆಟ್ಟು ಎಲ್ಲರಿಗಾಗಿ ಎದ್ದು ನಿಂತಿದ್ದಕ್ಕೆ ಆಗುವ ಖರ್ಚು ಅದು.

ಮೊದಲ ಗುರುವಾರ ನಮ್ಮ ಎಲೆಕ್ಟ್ರಿಷಿಯನ್ ಜೊತೆ ಪ್ರತಿ ಮಹಡಿಯ ಶಾಫ್ಟ್ ತೆಗೆದು, ಎಸಿಸಿಎಲ್ ಡಬ್ಬಿಯಿಂದ ಮನೆಗೆ ಹೋಗುವ ಫೇಸ್ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕುತ್ತಾ ಇಳಿದೆವು. 0.8 ಆಂಪಿಯರ್, 1.4, 1.1, 0.6, ಹೀಗೇ ಬರುತ್ತಿತ್ತು. ನಾಲ್ಕನೇ ಮಹಡಿಯಲ್ಲಿ ಒಂದು ತಂತಿ 9.2 ತೋರಿಸಿತು. ಎಲೆಕ್ಟ್ರಿಷಿಯನ್ ಮೀಟರ್ ತೆಗೆದು ಮತ್ತೆ ಹಾಕಿದರು, ಅಷ್ಟೇ. 2 ಕಿಲೋವ್ಯಾಟಿಗೂ ಜಾಸ್ತಿ, 750 ವ್ಯಾಟ್ ಮಿತಿಯ ಮನೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಒಳಬರುವ ಟರ್ಮಿನಲ್ಲಿಂದ ಹೊರಹೋಗುವ ಟರ್ಮಿನಲ್ಲಿಗೆ ಒಂದು ಗೇಣಿನ ಕೆಂಪು ತಂತಿ. ಡಬ್ಬಿ ತನ್ನ ಪಾಡಿಗೆ ಹಸಿರು ಲೈಟು ಹಚ್ಚಿಕೊಂಡು ಕೂತಿತ್ತು, ಕರೆಂಟ್ ಅದರ ಪಕ್ಕದಿಂದಲೇ ಹೋಗುತ್ತಿತ್ತು. ಒಳಗೆ ಎ.ಸಿ. ಓಡುತ್ತಿತ್ತು. ಹಿಂದಿನ ಮಾಲೀಕರ ಕಾಲದ ಕೆಲಸ. ಈಗಿನ ಬಾಡಿಗೆದಾರರಿಗೆ, ಜನರೇಟರ್ ಮೇಲೆ ಎ.ಸಿ. ನಡೆಯುವುದು ತಮ್ಮ ಮನೆಯಲ್ಲಿ ಮಾತ್ರ ಎಂಬುದೂ ಗೊತ್ತಿರಲಿಲ್ಲ. ಆ ಮನೆಯ ಮಂಜೂರಾದ ಲೋಡ್ 3 ಕಿಲೋವ್ಯಾಟ್. ನೋಟಿಸಿನ ಪ್ರಕಾರ ಕಟ್ಟಡದಲ್ಲಿ ಅತಿ ಕಡಿಮೆ ಕೊಡಬೇಕಾದವರಲ್ಲಿ ಅವರೂ ಒಬ್ಬರು, ₹360. ತಂತಿ ಕಿತ್ತು, 40 ಡಬ್ಬಿಗಳಿಗೂ ಸೀಲ್ ಹಾಕಿಸಿದೆವು. ಯಾವ ಹಂಚಿಕೆಯ ಸೂತ್ರವೂ ಇಂಥದ್ದನ್ನು ಹಿಡಿಯುವುದಿಲ್ಲ, ಕ್ಲ್ಯಾಂಪ್ ಮೀಟರ್ ಮಾತ್ರ ಹಿಡಿಯುತ್ತದೆ.

ಇಷ್ಟಾದ ಮೇಲೆ ಮೇ ತಿಂಗಳ ಲೆಕ್ಕವನ್ನು ಮತ್ತೆ ಹಾಕಿದೆವು. ₹21,840ರಲ್ಲಿ ಒಂಬತ್ತರಲ್ಲಿ ಐದು ಪಾಲು ₹12,133 ಕಾಮನ್. ಇದು 40 ಮನೆಗೂ ಸಮ, ತಲಾ ₹303 ಚಿಲ್ಲರೆ. ಉಳಿದ ₹9,707 ಮನೆಗಳ ಬಳಕೆ. ಇದನ್ನು ಎಸಿಸಿಎಲ್ ಮಿತಿಯ 34 ಕಿಲೋವ್ಯಾಟಿನಿಂದ ಭಾಗಿಸಿದರೆ ಕಿಲೋವ್ಯಾಟಿಗೆ ₹285.50. ಎರಡು ಬೆಡ್‌ರೂಮಿಗೆ ಅದರ ಮುಕ್ಕಾಲು, ₹214. ಮೂರು ಬೆಡ್‌ರೂಮಿಗೆ ಪೂರ್ತಿ. ಎರಡೂ ಭಾಗ ಸೇರಿಸಿ, ಚಿಲ್ಲರೆಯನ್ನು ಮೇಲಿನ ರೂಪಾಯಿಗೆ ಏರಿಸಿದರೆ ಚಿಕ್ಕ ಫ್ಲ್ಯಾಟಿಗೆ ₹518, ದೊಡ್ಡದಕ್ಕೆ ₹589. ಒಟ್ಟಿನಲ್ಲಿ ₹16 ಜಾಸ್ತಿ ಬರುತ್ತದೆ, ಅದನ್ನು ಮುಂದಿನ ತಿಂಗಳಿಗೆ ಒಯ್ಯಬಹುದು.

ಇಲ್ಲಿ ನನಗೆ ನಗು ಬಂತು. ಹಳೆಯ ಸಮಪಾಲು ₹546. ಇಷ್ಟೆಲ್ಲ ಅಳೆದು ಸುರಿದು ಬಂದ ಲೆಕ್ಕ ಅದಕ್ಕಿಂತ ಒಂದು ಕಡೆ ₹28 ಕಡಿಮೆ, ಇನ್ನೊಂದು ಕಡೆ ₹43 ಜಾಸ್ತಿ. ಕಾಕಾಗೆ ಅನ್ಯಾಯ ಎಂದು ಕಂಡಿದ್ದ ಹಳೇ ಪದ್ಧತಿಯೇ ಸತ್ಯಕ್ಕೆ ಎಷ್ಟೋ ಹತ್ತಿರ ಇತ್ತು. ಎಲ್ಲ ಮನೆಗೂ ಹತ್ತಿರ ಹತ್ತಿರ ಒಂದೇ ಮಿತಿ ಇರುವ ಕಟ್ಟಡದಲ್ಲಿ ಸಮಪಾಲು ಹಾಕಿ ಕೂತರೂ ನನ್ನ ತಕರಾರಿಲ್ಲ. ಮಂಜೂರಾದ ಲೋಡಿಗೆ ಡೀಸೆಲ್ಲಿನ ಜೊತೆ ಸ್ವಲ್ಪ ಸಂಬಂಧ ಬರುವುದು ಮಿತಿ ಇಲ್ಲದೆ ಮನೆಗೆ ಪೂರ್ತಿ ಬ್ಯಾಕಪ್ ಕೊಟ್ಟಿರುವ ಕಟ್ಟಡಗಳಲ್ಲಿ. ಅಲ್ಲೂ ಅದು ಸೆಟ್ಟಿನ ಗಾತ್ರ, ವರ್ಷದ ನಿರ್ವಹಣೆಯ ಎಎಂಸಿ, ಬ್ಯಾಟರಿಯಂಥ ಸ್ಥಿರ ಖರ್ಚಿಗೆ ಹೊಂದೀತು. ಡೀಸೆಲ್ ಸುಡುವುದು ಯೂನಿಟ್ ಲೆಕ್ಕದಲ್ಲಿ. ಅಂಥ ಕಡೆ ಗ್ರಿಡ್ ಮತ್ತು ಡಿಜಿ ಯೂನಿಟ್ ಬೇರೆ ಬೇರೆ ಬರೆಯುವ ಮೀಟರ್ ಹಾಕುವುದೇ ದಾರಿ. ನಮ್ಮಲ್ಲಿ 40 ಮನೆಗೆ ಅಂಥ ಮೀಟರ್ ಹಾಕಿ ಅಳೆಯಬೇಕಾದದ್ದು ತಿಂಗಳಿಗೆ ₹9,700. ಅದೂ ಮೇ ತಿಂಗಳಲ್ಲಿ. ಚಳಿಗಾಲದಲ್ಲಿ ಅದರ ಅರ್ಧವೂ ಆಗುವುದಿಲ್ಲ. ಮೀಟರಿನ ಹಣ ಹುಟ್ಟುವುದು ಯಾವಾಗ?

ಇನ್ನು ನಿಯಮದ ಮಾತು. ಹಂಚಿಕೆಯ ರೀತಿ ಬದಲಾಯಿಸುವುದು ನೋಟಿಸ್ ಹಚ್ಚಿ ಆಗುವ ಕೆಲಸವಲ್ಲ. ನಮ್ಮದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನೋಂದಾಯಿಸಿದ ಹೌಸಿಂಗ್ ಸೊಸೈಟಿ. ಮಾದರಿ ಉಪವಿಧಿಗಳಲ್ಲಿ ಸರ್ವಿಸ್ ಚಾರ್ಜ್ ಎಲ್ಲ ಫ್ಲ್ಯಾಟಿಗೂ ಸಮ, ಲಿಫ್ಟಿನ ಖರ್ಚೂ ಸಮ, ನೀರು ನಲ್ಲಿಗಳ ಲೆಕ್ಕದಲ್ಲಿ. ಲಿಫ್ಟ್, ಪಂಪು, ಮೆಟ್ಟಿಲಿನ ಲೈಟು ಓಡಿಸಿದ ಡೀಸೆಲ್ಲನ್ನು ಲೋಡಿನ ಮೇಲೆ ಹಂಚಲು ಅಲ್ಲಿ ಜಾಗವೇ ಇಲ್ಲ. ಮನೆಯೊಳಗಿನ ಪಾಲಿಗೆ ಬೇರೆ ಸೂತ್ರ ಬೇಕಾದರೆ ಅದು ಜನರಲ್ ಬಾಡಿಯಲ್ಲಿ ಠರಾವು ಆಗಬೇಕು. 1970ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಕೆಳಗಿನ ಕಾಂಡೊಮಿನಿಯಮ್ಮುಗಳ ಕಥೆ ಬೇರೆ. ಅಲ್ಲಿ ಸಾಮಾನ್ಯ ಖರ್ಚು ಪ್ರತಿ ಫ್ಲ್ಯಾಟಿನ ಅವಿಭಾಜ್ಯ ಪಾಲಿನ ಶೇಕಡಾವಾರಿಗೆ ಹೋಗುತ್ತದೆ. ಪಕ್ಕದ ಕಟ್ಟಡದವರು ಹೀಗೆ ಮಾಡ್ತಾರಂತೆ ಎಂದು ನಕಲು ಮಾಡುವ ಮುಂಚೆ ನಮ್ಮದು ಯಾವುದು ಎಂದು ನೋಡಿಕೊಳ್ಳಬೇಕು.

ಜೂನ್ ಕೊನೆಯಲ್ಲಿ ಸಭೆ ಸೇರಿತು. ಗದ್ದಲ ಎದ್ದದ್ದು ₹1,200 ಬಿದ್ದವರಿಂದ ಅಲ್ಲ, ₹360 ಬಿದ್ದವರಿಂದ. ಅವರಲ್ಲಿ ಹಲವರು ಆಗಲೇ ಹಣ ಕಟ್ಟಿದ್ದರು. “ಬೋರ್ಡಿನಾಗ 360 ಅಂತ ಬರದು, ಈಗ 518 ಅಂದ್ರ ಹ್ಯಾಂಗ್ರಿ?” ಎಂದು ಎರಡನೇ ಮಹಡಿಯ ಮಾವಶಿ ಎದ್ದು ನಿಂತರು. ಏಪ್ರಿಲ್ ಪದ್ಧತಿಯಲ್ಲಿ ಇದೇ ಮೇ ತಿಂಗಳಿಗೆ ಅವರು ₹546 ಕೊಡಬೇಕಿತ್ತು, ₹518 ಅದಕ್ಕಿಂತ ಕಡಿಮೆ ಎಂದು ವಿವರಿಸಿದೆ. ಕೇಳಿಸಿಕೊಂಡರು, ಒಪ್ಪಿದರು ಎಂದು ಹೇಳಲಾರೆ. ಕೈಗೆ ಬಂದಂತೆ ಕಂಡ ರಿಯಾಯಿತಿ ಹೋದರೆ ಯಾರಿಗಾದರೂ ಬೇಜಾರೇ.

ಕಾಕಾ ಮಾತ್ರ ನೇರವಾಗಿ ಕೇಳಿದರು: ಸಮಪಾಲೇ ಹತ್ತಿರ ಅನ್ನೋದಾದರೆ ಈ ಎರಡು ಭಾಗದ ಲೆಕ್ಕ ಪ್ರತಿ ತಿಂಗಳು ನಾನ್ಯಾಕೆ ಹಾಕಬೇಕು? ನ್ಯಾಯವಾದ ಪ್ರಶ್ನೆ. ಎರಡು ದೊಡ್ಡ ಫ್ಲ್ಯಾಟಿನವರು ಬೆಡ್‌ರೂಮಿನ ಒಂದು ಎ.ಸಿ. ನಡೆಯುವಂತೆ ತಮ್ಮ ಮಿತಿಯನ್ನು 2 ಕಿಲೋವ್ಯಾಟಿಗೆ ಏರಿಸಿ ಎಂದು ಅರ್ಜಿ ಕೊಟ್ಟಿದ್ದರು, ನನ್ನ ಉತ್ತರ ಅದೇ ಆಗಿತ್ತು. ಒಬ್ಬರಿಗೆ ಏರಿಸಿದರೂ ಸಮಪಾಲು ಉಳಿಯುವುದಿಲ್ಲ. ಹೊಸ ಸೂತ್ರದಲ್ಲಿ ಅದು ತಾನಾಗಿಯೇ ಕೂರುತ್ತದೆ. ಮೇ ತಿಂಗಳ ಮೊತ್ತಕ್ಕೆ ಹಾಕಿ ನೋಡಿದರೆ, ಒಬ್ಬರಿಗೆ ಏರಿಸಿದಾಗ 34 ಇದ್ದದ್ದು 35 ಆಗುತ್ತದೆ, ಅವರ ಮನೆಯ ಪಾಲು ₹555, ಕಾಮನ್ ಸೇರಿ ₹858. ಕೊಡುವ ಮನಸ್ಸಿದ್ದರೆ ಕೊಡಲಿ. ಆದರೆ ಏರಿಸುವ ಮುಂಚೆ ಎರಡು ಲಿಫ್ಟೂ ಪಂಪೂ ಒಟ್ಟಿಗೆ ಎದ್ದಾಗ ಸೆಟ್ಟು ತಡೆಯುತ್ತದೆಯಾ ಎಂದು ನೋಡಬೇಕು ಎಂದು ಅರ್ಜಿಗಳನ್ನು ತಡೆಹಿಡಿದೆವು.

ಠರಾವು ಪಾಸಾಯಿತು. ಹಳೇ ನೋಟಿಸ್ ಪ್ರಕಾರ ಕಟ್ಟಿದವರಿಗೆ ಜೂನ್ ಬಿಲ್ಲಿನಲ್ಲಿ ವ್ಯತ್ಯಾಸ ಹೊಂದಿಸಿದರು: ಎಂಟನೇ ಮಹಡಿಗೆ ₹611 ಜಮಾ, ಮಾವಶಿಗೆ ₹158 ಬಾಕಿ. ಕಾಮನ್ ಪಾಲಿನ ಐದು ಒಂಬತ್ತಂಶ ಖಾಯಂ ಅಲ್ಲ. ವಾಚ್‌ಮನ್ ಈಗ ಪ್ರತಿ ಸಲ ಎರಡೂ ಮೀಟರ್ ಬರೆಯುತ್ತಾರೆ, ಆಯಾ ತಿಂಗಳ ಯೂನಿಟ್ಟೇ ಆಯಾ ತಿಂಗಳ ಪಾಲು.

ಬೀಗ ಹಾಕಿದ ಮನೆಗಳದ್ದು ಕೊನೆಯ ತಕರಾರು. ಕಾಮನ್ ಪಾಲು ಅವರೂ ಕೊಡಲೇಬೇಕು, ಅದರಲ್ಲಿ ವಾದವಿಲ್ಲ. ಮನೆಯ ಪಾಲಿಗೆ ವಿನಾಯಿತಿ ಬೇಕಾದರೆ ಪತ್ರ ಕೊಟ್ಟು, ಎಸಿಸಿಎಲ್ ಆಫ್ ಮಾಡಿಸಿ ಸೀಲ್ ಹಾಕಿಸಬೇಕು, ಕನಿಷ್ಠ ಮೂರು ತಿಂಗಳಿಗೆ ಎಂದಾಯಿತು. ಜುಲೈಯಲ್ಲಿ ಎರಡು ಬೆಡ್‌ರೂಮಿನ ಒಂದು ಮನೆಯಿಂದ ಅರ್ಜಿ ಬಂತು. ಆ ತಿಂಗಳ ನೋಟಿಸಿನಲ್ಲಿ ಕಾಕಾ 34 ಹೊಡೆದು ಹಾಕಿ 33.25 ಎಂದು ಬರೆದು, ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದರು.